ನಡುಗೋಡೆಯ ಬಿರುಕು: ಬೆಂಡಿಂಗ್ ಒಂದೇ ನೋಡಿದರೆ ಸಾಲದು

ಪ್ರಶ್ನೆ: ಎರಡು ಕೋಣೆಯ ನೀರಿನ ಟ್ಯಾಂಕ್, ನೆಲದ ಮೇಲೆ. ನಡುಗೋಡೆಗೆ ಒಂದು ಕಡೆ ನೀರು, ಇನ್ನೊಂದು ಕಡೆ ಖಾಲಿ ಅಂತ ಬೆಂಡಿಂಗ್ ಲೆಕ್ಕ ಹಾಕಿದೆ, ಬಿರುಕಿನ ಅಗಲ 0.15 ಮಿಮೀ ಬಂತು. ಡೈರೆಕ್ಟ್ ಟೆನ್ಶನ್ ಬೇರೆ ನೋಡಬೇಕಾ? ಸಂಶಯ ಇದ್ದರೆ ಎಂ30 ಬದಲು ಎಂ40 ಹಾಕಿದರೆ ಸಾಕಲ್ವಾ?

ನಿಮ್ಮ 0.15 ನೋಡಿ ನಗು ಬಂತು ಮಾರಾಯ್ರೆ, ಯಾಕೆಂದರೆ ನನ್ನ ಹಾಳೆಯಲ್ಲೂ ಅದೇ ಬಂದಿತ್ತು.

ಉಡುಪಿ ಹತ್ತಿರ ಸಮುದ್ರದ ಬದಿಯಲ್ಲಿ ಒಂದು ಐಸ್ ಪ್ಲಾಂಟಿಗೆ ಟ್ಯಾಂಕ್ ಮಾಡಿದ್ದೆವು. ಎರಡು ಕೋಣೆ, ಪ್ರತಿಯೊಂದೂ 5 ಮೀಟರ್ ಉದ್ದ, 3 ಮೀಟರ್ ಅಗಲ. ನಡುಗೋಡೆ 200 ಮಿಮೀ ದಪ್ಪ, ಉಕ್ಕಿಗೆ 45 ಮಿಮೀ ಕವರ್, ಅಡ್ಡ ಕಂಬಿ ಎರಡೂ ಮುಖಕ್ಕೆ 16 ಮಿಮೀ, 200ಕ್ಕೆ ಒಂದು. ನೀರಿನ ಪರೀಕ್ಷೆ ಚೆನ್ನಾಗಿಯೇ ಪಾಸಾಯಿತು. ಎರಡೂ ಕೋಣೆ ತುಂಬಿಸಿ ಬಿಟ್ಟೆವು, ಮಟ್ಟ ಇಳಿಯಲಿಲ್ಲ. ಇಳಿಯುವುದಾದರೂ ಹೇಗೆ? ನಡುಗೋಡೆ ಸೋರಿದರೂ ಎರಡೂ ಕಡೆ ಒಂದೇ ಮಟ್ಟ, ನೀರು ಹೋಗುವ ದಾರಿಯೇ ಇಲ್ಲ. ಪ್ಲಾಂಟಿನವರು ಕೋಣೆಗಳನ್ನು ಸರದಿಯಲ್ಲಿ ಖಾಲಿ ಮಾಡಿ ತೊಳೆಯಲು ಶುರು ಮಾಡಿದ ಮೇಲೆ ಮೇಸ್ತ್ರಿ ಫೋನ್ ಮಾಡಿದರು: "ಇಂಜಿನಿಯರೇ, ಆಚೆ ಕೋಣೆಯ ನೀರು ಈಚೆ ಬರ್ತಾ ಉಂಟು."

ಹೋಗಿ ಗೋಡೆ ಒರೆಸಿ ನೋಡಿದೆ. ಸ್ವಲ್ಪ ಹೊತ್ತಿಗೆ ಒದ್ದೆ ಗೆರೆ ಮತ್ತೆ ಮೂಡಿತು. ನೆಟ್ಟಗೆ ನಿಂತ ಗೆರೆಗಳು, ನಡುಗೋಡೆ ಉದ್ದ ಗೋಡೆಗೆ ಸೇರುವ ಜಾಗದ ಹತ್ತಿರ, ಕೆಳಗಿನ ಅರ್ಧದಲ್ಲಿ. ಗೆರೆ ನೆಟ್ಟಗಿದೆ ಎಂದರೆ ಎಳೆತ ಅಡ್ಡಕ್ಕಿದೆ ಎಂದರ್ಥ. ಬುಡದ ಹತ್ತಿರ ಅಡ್ಡ ಗೆರೆ ಇದ್ದಿದ್ದರೆ ಲಂಬ ಕಂಬಿಯನ್ನೋ ಜಾಯಿಂಟನ್ನೋ ಅನುಮಾನಿಸಬಹುದಿತ್ತು.

ತಪ್ಪು ನನ್ನದೇ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ಇದು ಕಣ್ಣಿಗೆ ಬೀಳುವ ತಪ್ಪಲ್ಲ. ನಾನು ನಡುಗೋಡೆಯನ್ನು ನೀರು ತಡೆಯುವ ಹಲಗೆ ಅಂತ ಮಾತ್ರ ನೋಡಿದೆ. ಒಂದು ಕಡೆ ತುಂಬಿದರೆ ಬಾಗುತ್ತದೆ, ಎರಡೂ ಕಡೆ ತುಂಬಿದರೆ ಒತ್ತಡ ಸರಿಸಮ, ಲೋಡೇ ಇಲ್ಲ ಅಂದುಕೊಂಡೆ. ಆದರೆ ಆ ಗೋಡೆ ಇನ್ನೊಂದು ಕೆಲಸವನ್ನೂ ಮಾಡುತ್ತಿರುತ್ತದೆ. ನೀರು ಎರಡು ಉದ್ದ ಗೋಡೆಗಳನ್ನೂ ಹೊರಕ್ಕೆ ತಳ್ಳುತ್ತದೆ, ನಡುವೆ ಅವುಗಳನ್ನು ಹಿಡಿದು ಎಳೆದಿಟ್ಟಿರುವುದು ಈ ನಡುಗೋಡೆ. ಒಂದು ಕೋಣೆ ತುಂಬಿದಾಗ ಬಾಗುವುದರ ಜೊತೆಗೆ ಎಳೆತವೂ ಇದೆ. ಎರಡೂ ತುಂಬಿದಾಗ ಬಾಗುವಿಕೆ ಹೋಗುತ್ತದೆ, ಎಳೆತ ಎರಡು ಪಟ್ಟಾಗುತ್ತದೆ. ನಾನು ಲೋಡೇ ಇಲ್ಲ ಅಂದ ಸ್ಥಿತಿಯಲ್ಲೇ ಅತಿ ಹೆಚ್ಚು ಎಳೆತ!

ಈಗ ಲೆಕ್ಕ. ನೀರಿನ ಮಟ್ಟದಿಂದ 3 ಮೀಟರ್ ಕೆಳಗೆ ಒಂದು ಮೀಟರ್ ಎತ್ತರದ ಪಟ್ಟಿ ತೆಗೆದುಕೊಳ್ಳಿ. ಒತ್ತಡ 29.4 ಕಿಲೋನ್ಯೂಟನ್ ಪ್ರತಿ ಚದರ ಮೀಟರಿಗೆ. ಇದೆಲ್ಲ ಅಡ್ಡಕ್ಕೇ ಹೋಗುತ್ತದೆ ಅಂತ ಇಟ್ಟುಕೊಂಡಿದ್ದೇನೆ. ನಿಜದಲ್ಲಿ ಒಂದು ಪಾಲು ಬುಡಕ್ಕೆ ಇಳಿಯುತ್ತದೆ, ಐಎಸ್ 3370ರ ಭಾಗ 4ರ ಕೋಷ್ಟಕ ಬಳಸಿದರೆ ಕಡಿಮೆ ಬರುತ್ತದೆ. ಆದರೆ ವಿಷಯ ಅರ್ಥವಾಗಲು ಇದು ಸಾಕು. ಸೇರುವ ಜಾಗದಲ್ಲಿ ಮೊಮೆಂಟ್ 29.4 × 3 × 3 / 12, ಅಂದರೆ 22 ಕಿಲೋನ್ಯೂಟನ್ ಮೀಟರ್. ಬರೀ ಇದಕ್ಕೆ ಕಂಬಿಯಲ್ಲಿ ಸ್ಟ್ರೆಸ್ 166 ಮೆಗಾಪ್ಯಾಸ್ಕಲ್ ಆಗುತ್ತದೆ. ಐಎಸ್ 3370 ಭಾಗ 2ರ 2009ರ ಆವೃತ್ತಿಯ ಸೂತ್ರ ಹೀಗಿದೆ (ನೀವು ಈಗಿನ ಆವೃತ್ತಿ ನೋಡಿಕೊಳ್ಳಿ):

```
w = 3·acr·εm / (1 + 2(acr − cmin)/(D − x))
```

`acr` ಅಂದರೆ ನಾವು ಬಿರುಕು ಅಳೆಯುವ ಬಿಂದುವಿನಿಂದ ಹತ್ತಿರದ ಕಂಬಿಯ ಮೈಗೆ ಇರುವ ದೂರ. ಎರಡು ಕಂಬಿಯ ನಡುಮಧ್ಯೆ ಇದು ಅತಿ ಜಾಸ್ತಿ, ನನ್ನ ಗೋಡೆಯಲ್ಲಿ 105 ಮಿಮೀ. `x` ಅಂದರೆ ಗೋಡೆ ಬಾಗಿದಾಗ ಅದುಮಿಕೊಳ್ಳುವ, ಬಿರುಕು ಬಿಡದ ಕಾಂಕ್ರೀಟಿನ ಆಳ, ಇಲ್ಲಿ 44 ಮಿಮೀ. `D` ಗೋಡೆಯ ದಪ್ಪ, `cmin` ಕವರ್, `εm` ಸರಾಸರಿ ಸ್ಟ್ರೇನ್. ಉತ್ತರ 0.15. ಸಂತೋಷ, ಫೈಲ್ ಮುಚ್ಚಿದೆ.

ಈಗ ಎಳೆತ ಸೇರಿಸಿ. ಒಂದು ಕೋಣೆ ತುಂಬಿದಾಗ ಅದರ ಉದ್ದ ಗೋಡೆಯ ಅರ್ಧ ಭಾರ ನಡುಗೋಡೆಗೆ: 29.4 × 5 / 2, ಸುಮಾರು 74 ಕಿಲೋನ್ಯೂಟನ್. ಇದು ಗೋಡೆಯ ನಡುವಿನ ಗೆರೆಯಲ್ಲಿ ಎಳೆಯುತ್ತದೆ, ನಮಗೆ ಬೇಕಾದ ಕಂಬಿ ಅಲ್ಲಿಂದ 47 ಮಿಮೀ ಆಚೆ ಇದೆ. ಹಾಗಾಗಿ ಕಂಬಿಯ ಸುತ್ತ ಮೊಮೆಂಟ್ 22ರಿಂದ 18.6ಕ್ಕೆ ಇಳಿಯುತ್ತದೆ. ಇಲ್ಲಿ ಎಷ್ಟೋ ಜನ ಖುಷಿಪಟ್ಟು ನಿಲ್ಲಿಸುತ್ತಾರೆ. ನಿಲ್ಲಬೇಡಿ. ಆ 18.6ನ್ನು ಲಿವರ್ ಆರ್ಮ್ 0.135ರಿಂದ ಭಾಗಿಸಿದರೆ 138 ಕಿಲೋನ್ಯೂಟನ್, ಅದರ ಮೇಲೆ ಎಳೆತದ 74 ಪೂರ್ತಿ ಕೂಡಬೇಕು. ಒಟ್ಟು ಸುಮಾರು 212. ಕಂಬಿಯ ಸ್ಟ್ರೆಸ್ 210 ಮೆಗಾಪ್ಯಾಸ್ಕಲ್ ಆಯಿತು, `x` 44ರಿಂದ 37ಕ್ಕೆ ಕುಗ್ಗಿತು, ಬಿರುಕು 0.21.

ಸ್ಟ್ರೆಸ್ ಏರಿದ್ದು ನೂರಕ್ಕೆ 27ರಷ್ಟು, ಬಿರುಕು ಹಿಗ್ಗಿದ್ದು ನೂರಕ್ಕೆ 36ರಷ್ಟು, ಗಮನಿಸಿದ್ರಾ? ಬಿರುಕುಗಳ ನಡುವಿನ ಕಾಂಕ್ರೀಟ್ ಸ್ವಲ್ಪ ಎಳೆತ ಹೊರುತ್ತದೆ ಅಂತ ಸೂತ್ರ ಒಂದಿಷ್ಟು ಸ್ಟ್ರೇನ್ ಕಳೆಯುತ್ತದೆ. ಆ ಕಳೆಯುವ ಪಾಲು ಲೋಡ್ ಏರಿದಂತೆ ಬೆಳೆಯುವುದಿಲ್ಲ. ಹಾಗಾಗಿ ಮೇಲೆ ಬಂದ ಎಳೆತವೆಲ್ಲ ನೇರ ಬಿರುಕಿಗೇ ಹೋಗುತ್ತದೆ.

0.15 ಎಲ್ಲಿ, 0.21 ಎಲ್ಲಿ, ಇಷ್ಟಕ್ಕೇ ಗೋಡೆ ಸೋರುತ್ತದಾ ಅಂತ ನೀವು ಕೇಳಬಹುದು. ಬರೀ ಬೆಂಡಿಂಗ್ ಬಿರುಕಾದರೆ ಹಿಂದೆ `x` ಅಷ್ಟು ದಪ್ಪದ ಗಟ್ಟಿ ಕಾಂಕ್ರೀಟ್ ಇರುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ಯುರೋಕೋಡ್ 2ರ ಭಾಗ 3 ಈ ಗಟ್ಟಿ ಪದರಕ್ಕೆ 50 ಮಿಮೀ ಅಥವಾ ಗೋಡೆಯ ದಪ್ಪದ ಐದನೇ ಒಂದು, ಯಾವುದು ಕಡಿಮೆಯೋ ಅಷ್ಟಾದರೂ ಇರಲಿ ಎನ್ನುತ್ತದೆ. 200 ಮಿಮೀ ಗೋಡೆಗೆ 40. ಬೆಂಡಿಂಗ್ ಮಾತ್ರ ಇದ್ದಾಗ ನನ್ನ 44 ಪಾಸು, ಎಳೆತ ಸೇರಿದಾಗ 37 ಫೇಲು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಈ ವಾರ ಎಡ ಕೋಣೆ ಖಾಲಿ, ಮುಂದಿನ ಸಲ ಬಲ ಕೋಣೆ ಖಾಲಿ. ಮೊದಲು ಬಲ ಮುಖದಿಂದ ಬಿರುಕು, ಆಮೇಲೆ ಎಡ ಮುಖದಿಂದ. ಯಾವುದನ್ನು ಗಟ್ಟಿ ಪದರ ಅಂತ ನಂಬಿದ್ದೆವೋ ಅದು ಇನ್ನೊಂದು ಸರದಿಯಲ್ಲಿ ಆಗಲೇ ಸೀಳಿರುತ್ತದೆ. ನಡುವೆ ಎರಡೂ ತುಂಬಿದಾಗ 147 ಕಿಲೋನ್ಯೂಟನ್ ಎಳೆತ ಅದನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಹೊಸ ಗೋಡೆಗೆ ನೇರ ಎಳೆತದ ಸೂತ್ರ ಹಾಕಿದರೆ ಈ 147ಕ್ಕೆ 0.01 ಮಿಮೀ ಬರುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. ಬೇರೆ ಕಾರಣಕ್ಕೆ ಆಗಲೇ ಸೀಳಿದ ಗೋಡೆಯ ಲೆಕ್ಕ ಅದಲ್ಲ.

ಆರಪಾರ ಬಿರುಕಿಗೆ ಅದೇ ಯುರೋಕೋಡ್ ಮಿತಿ ಬಿಗಿ ಮಾಡುತ್ತದೆ. ನೀರಿನ ಆಳವನ್ನು ಗೋಡೆಯ ದಪ್ಪದಿಂದ ಭಾಗಿಸಿ: 5ರ ಒಳಗಿದ್ದರೆ 0.2 ಮಿಮೀ, 35 ದಾಟಿದರೆ 0.05, ನಡುವೆ ನೇರ ಗೆರೆ. ನನ್ನದು 3 ಮೀಟರಿಗೆ 200 ಮಿಮೀ, ಅಂದರೆ 15. ಮಿತಿ 0.15. ಸಣ್ಣ ಬಿರುಕು ತಾನೇ ಸುಣ್ಣ ಕಟ್ಟಿ ಮುಚ್ಚಿಕೊಳ್ಳುತ್ತದೆ ಅನ್ನುವುದು ನಿಜ, ಆದರೆ ಬಿರುಕು ಅಲುಗಾಡದೆ ಇದ್ದರೆ ಮಾತ್ರ. ಸರದಿಯಲ್ಲಿ ತುಂಬಿ ಖಾಲಿ ಮಾಡುವ ಟ್ಯಾಂಕಿನಲ್ಲಿ ಅದು ಬಾಯಿ ತೆರೆದು ಮುಚ್ಚುತ್ತಲೇ ಇರುತ್ತದೆ.

ಇನ್ನು ನಿಮ್ಮ ಎಂ40. ಬೇಡ. ಮೇಲಿನ ಸೂತ್ರದಲ್ಲಿ ಕಾಂಕ್ರೀಟಿನ ಗ್ರೇಡ್ ಎಲ್ಲಿದೆ ಹುಡುಕಿ. `x` ಮೂಲಕ ಚೂರು ಬರುತ್ತದೆ, ಅದೂ `x` ಕಡಿಮೆ ಮಾಡುವ ಕಡೆಗೆ. ಸಿಮೆಂಟ್ ಜಾಸ್ತಿ ಸುರಿದರೆ ಗೋಡೆ ಮೊದಲ ದಿನಗಳಲ್ಲಿ ಜಾಸ್ತಿ ಬಿಸಿಯಾಗುತ್ತದೆ. ತಣಿಯುವಾಗ ಬುಡವೂ ಉದ್ದ ಗೋಡೆಗಳೂ ಅದನ್ನು ಕುಗ್ಗಲು ಬಿಡದೆ ಹಿಡಿಯುತ್ತವೆ, ನೀರು ತುಂಬುವ ಮೊದಲೇ ಆರಪಾರ ಬಿರುಕು ತಯಾರು. ಸಮುದ್ರದ ಗಾಳಿಗೆ ಬಾಳಿಕೆ ಬೇಕು ಅಂತ ಎಂ40 ಹಾಕುವುದಾದರೆ ಅದು ಬೇರೆ ಮಾತು.

ದುಡ್ಡು ಹಾಕಬೇಕಾದದ್ದು ಕಂಬಿಯ ಅಂತರಕ್ಕೆ. ಅದೇ ಗೋಡೆಗೆ 16 ಮಿಮೀ 200ಕ್ಕೆ ಬದಲು 12 ಮಿಮೀ 100ಕ್ಕೆ ಹಾಕಿದ್ದರೆ ಉಕ್ಕು ಸುಮಾರು ನೂರಕ್ಕೆ 12ರಷ್ಟು ಜಾಸ್ತಿ, `acr` 105ರಿಂದ 65ಕ್ಕೆ ಇಳಿಯುತ್ತಿತ್ತು, ಎಳೆತ ಸೇರಿಸಿಯೂ ಬಿರುಕು 0.16. ಇನ್ನೊಂದಿಷ್ಟು ಹತ್ತಿರ ಮಾಡಿದರೆ 0.15ರ ಒಳಗೆ ಬರುತ್ತದೆ. ಬಾರ್ ಬೆಂಡರ್ ಗೊಣಗುತ್ತಾರೆ, ದಪ್ಪ ಕಂಬಿ ಕಡಿಮೆ ಸಂಖ್ಯೆಯಲ್ಲಿ ಕಟ್ಟುವುದು ಅವರಿಗೆ ಸುಲಭ. ಸೂಜಿ ವೈಬ್ರೇಟರ್ ಇಳಿಯುತ್ತದಾ ಅಂತ ಮಾತ್ರ ನೋಡಿ, ಉಳಿದದ್ದಕ್ಕೆ ಬಗ್ಗಬೇಡಿ.

ಕಂಬಿಯ ತುದಿ ಎಲ್ಲಿ ನಿಲ್ಲುತ್ತದೆ ಅಂತಲೂ ನೋಡಿ. ನಡುಗೋಡೆ ಎಳೆಯುತ್ತಿರುವುದರಿಂದ ಅದರ ಅಡ್ಡ ಕಂಬಿ ಉದ್ದ ಗೋಡೆಯ ಒಳಮುಖಕ್ಕೆ ಬಂದು ನಿಂತರೆ ಉಪಯೋಗವಿಲ್ಲ. ಹೊರಮುಖದ ಕಂಬಿಯವರೆಗೆ ಹೋಗಿ ಅಲ್ಲಿ ಬಾಗಿ ಪೂರ್ತಿ ಆಂಕರೇಜ್ ಉದ್ದ ಸಿಗಬೇಕು. ಜಂಕ್ಷನ್ನಿನ ಹತ್ತಿರವೇ ಎಲ್ಲಾ ಕಂಬಿಗೂ ಒಂದೇ ಗೆರೆಯಲ್ಲಿ ಲ್ಯಾಪ್ ಕೊಡಬೇಡಿ.

ನಮ್ಮ ಟ್ಯಾಂಕಿಗೆ ಆಮೇಲೆ ಪಿಯು ಇಂಜೆಕ್ಷನ್ ಮಾಡಿಸಿದೆವು, ಖರ್ಚು ನನ್ನ ಫೀಸಿನಲ್ಲಿ ಕಳೆಯಿತು. ಎಪಾಕ್ಸಿ ಬೇಡ ಅಂದೆ, ಅಲುಗಾಡುವ ಬಿರುಕಿಗೆ ಅದು ಗಟ್ಟಿಯಾಗಿ ಅಂಟಿಕೊಂಡು ಪಕ್ಕದಲ್ಲೇ ಹೊಸದು ಸೀಳುತ್ತದೆ. ಜೊತೆಗೆ ಒಂದು ಕೋಣೆ ತೊಳೆಯುವಾಗ ಇನ್ನೊಂದರ ನೀರನ್ನು 1 ಮೀಟರ್ ಇಳಿಸಿ ಅಂತ ಪ್ಲಾಂಟಿನವರಿಗೆ ಹೇಳಿದೆ. ಆ ಪಟ್ಟಿಯ ಮೇಲೆ 3 ಮೀಟರ್ ಇದ್ದ ನೀರು 2 ಆಗುತ್ತದೆ, ಮೊಮೆಂಟೂ ಎಳೆತವೂ ಮೂರರಲ್ಲಿ ಎರಡು ಪಾಲಿಗೆ ಇಳಿದು ಕಂಬಿಯ ಸ್ಟ್ರೆಸ್ 140ಕ್ಕೆ ಬರುತ್ತದೆ. ನಿಮ್ಮದು ಇನ್ನೂ ಕಾಗದದಲ್ಲಿದೆ. ಮೂರು ಸ್ಥಿತಿಯನ್ನೂ ಹಾಕಿ ನೋಡಿ: ಎಡ ತುಂಬಿ, ಬಲ ತುಂಬಿ, ಎರಡೂ ತುಂಬಿ. ಪರೀಕ್ಷೆಯಲ್ಲೂ ಒಂದೊಂದೇ ಕೋಣೆ ತುಂಬಿಸಿ, ಖಾಲಿ ಕೋಣೆಗೆ ಟಾರ್ಚ್ ಹಿಡಿದು ಇಳಿಯಿರಿ.