ದುಡ್ಡು ಹೋಗಿದ್ದಕ್ಕಿಂತ ಹೇಳಿಕೊಳ್ಳುವುದೇ ಕಷ್ಟ

ಹೆಸರು, ಗುರುತು ಬದಲಿಸಿದ್ದೇನೆ. ಅವರನ್ನು ಸುರೇಶ್ ಎನ್ನೋಣ. ವಯಸ್ಸು ಐವತ್ತರ ಆಸುಪಾಸು, ಲೆಕ್ಕಪತ್ರ ನೋಡುವ ಕೆಲಸ. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಬಂದಿದ್ದರು. ಮಾತಾಡುತ್ತಾ ಮಾತಾಡುತ್ತಾ ಫೋನ್ ತೆಗೆದು ಒಂದು ಸ್ಕ್ರೀನ್‌ಶಾಟ್ ತೋರಿಸಿದರು.

ಯೂಟ್ಯೂಬ್ ಲೈವ್. ಎಲಾನ್ ಮಸ್ಕ್ ಮಾತಾಡುತ್ತಿದ್ದಾರೆ, ಪಕ್ಕದಲ್ಲಿ ಕ್ಯೂಆರ್ ಕೋಡ್. ಎಷ್ಟು ಬಿಟ್‌ಕಾಯಿನ್ ಕಳಿಸಿದರೂ ಅದರ ಎರಡರಷ್ಟು ವಾಪಸ್ ಅಂತೆ. ಚಾನೆಲ್‌ಗೆ ಲಕ್ಷಗಟ್ಟಲೆ ಚಂದಾದಾರರು. ಸುರೇಶ್ ಮೊದಲು ಸ್ವಲ್ಪ ಕಳಿಸಿದರು. ಏನೂ ಬರಲಿಲ್ಲ. ‘ವ್ಯಾಲೆಟ್ ಪರಿಶೀಲನೆಗೆ ಇನ್ನೊಮ್ಮೆ ಕಳಿಸಿ’ ಎಂದು ವೆಬ್‌ಸೈಟ್ ಹೇಳಿತು. ಕಳೆದದ್ದನ್ನು ಪಡೆಯುವ ಆಸೆಗೆ ಅದಕ್ಕಿಂತ ಜಾಸ್ತಿ ಕಳಿಸಿದರು.

“ಲೆಕ್ಕ ಗೊತ್ತಿರೋ ನಾನೇ ಹೀಗಾದೆನಲ್ಲ ಮೇಡಂ. ಹೆಂಡತಿಗೆ ಇನ್ನೂ ಹೇಳಿಲ್ಲ.”

ಇಬ್ಬರೂ ಆ ಸ್ಕ್ರೀನ್‌ಶಾಟನ್ನೇ ಮತ್ತೆ ನೋಡಿದೆವು. ಚಂದಾದಾರರು ನಿಜವೇ, ಆದರೆ ಬೇರೆ ಯಾರದೋ. ಇಂಥ ಮೋಸಗಾರರು ಯಾರದೋ ಚಾನೆಲ್ ಕದ್ದು, ಹೆಸರು ಮತ್ತು ಚಿತ್ರ ಬದಲಿಸಿ, ಹಳೇ ವಿಡಿಯೊಗಳನ್ನು ಮರೆಮಾಡುತ್ತಾರೆ. ಹಳೇ ಸಂದರ್ಶನವನ್ನೇ ಸುತ್ತಿ ಸುತ್ತಿ ಓಡಿಸುತ್ತಾರೆ, ಈಗೀಗ ದನಿಯನ್ನೂ ನಕಲು ಮಾಡುತ್ತಾರೆ. ಯಾರೂ ‘ಮೋಸ’ ಎಂದು ಬರೆಯದಂತೆ ಚಾಟ್ ಮುಚ್ಚಿರುತ್ತಾರೆ. ಇಲ್ಲೂ ಮುಚ್ಚಿತ್ತು. 2020ರ ಜುಲೈನಲ್ಲಿ ಒಬಾಮಾ, ಬಿಲ್ ಗೇಟ್ಸ್ ಅವರ ಅಸಲಿ ಟ್ವಿಟರ್ ಖಾತೆಗಳನ್ನೇ ಕದ್ದು ಇಂಥ ಸಂದೇಶ ಹೊರಡಿಸಿದ್ದರು ಎಂದಾಗ ಸುರೇಶ್ ಮೊದಲ ಸಲ ತಲೆ ಎತ್ತಿದರು.

ಆಗ ಇನ್ನೊಂದು ವಿಷಯ ಹೊರಬಿತ್ತು. ‘ಕಳೆದ ದುಡ್ಡು ವಾಪಸ್ ಕೊಡಿಸ್ತೇನೆ, ಮೊದಲು ಶುಲ್ಕ ಕಟ್ಟಿ’ ಎಂದು ಒಬ್ಬ ಮೆಸೇಜ್ ಮಾಡುತ್ತಿದ್ದಾನೆ. ಮಾರನೇ ದಿನ ಕಟ್ಟುವವರಿದ್ದರು! ಅದೂ ಮೋಸವೇ, ಕಟ್ಟಬೇಡಿ ಎಂದು ಖಡಾಖಂಡಿತ ಹೇಳಿದೆ. ನಾಚಿಕೆಯಿಂದ ಒಬ್ಬರೇ ಒದ್ದಾಡುವವರು ಈ ಎರಡನೇ ಬಲೆಗೆ ಸುಲಭವಾಗಿ ಬೀಳುತ್ತಾರೆ. ಅದಕ್ಕೇ ಅವತ್ತೇ ಮನೆಯಲ್ಲಿ ಹೇಳಿ ಎಂದೆ. ವಿವರಣೆ ಬೇಡ, “ದುಡ್ಡು ಕಳಕೊಂಡೆ, ದೂರು ಕೊಡಲು ಜೊತೆಗೆ ಕೂತ್ಕೋ” ಅಂದರೆ ಸಾಕು.

ದೂರಿನ ಕ್ರಮವನ್ನೂ ಕೂತೇ ಬರೆದೆವು. ಮೊದಲು ಸುರೇಶ್ ಬಿಟ್‌ಕಾಯಿನ್ ಕಳಿಸಲು ಬಳಸಿದ ಎಕ್ಸ್‌ಚೇಂಜ್‌ಗೆ, ಅಂದರೆ ಅದನ್ನು ಕೊಳ್ಳುವ ಮಾರುವ ತಾಣಕ್ಕೆ, ವಹಿವಾಟಿನ ಐಡಿ, ಪಡೆದವರ ವ್ಯಾಲೆಟ್ ವಿಳಾಸ ಕೊಡಬೇಕು. ಬಿಟ್‌ಕಾಯಿನ್ ವಹಿವಾಟುಗಳೆಲ್ಲ ದಾಖಲಾಗುವ ಬ್ಲಾಕ್‌ಚೈನ್‌ನಲ್ಲಿ ಖಚಿತವಾದ ವಹಿವಾಟನ್ನು ಯಾರೂ ಹಿಂತಿರುಗಿಸಲಾರರು, ಇದನ್ನು ಮುಚ್ಚಿಡಲಿಲ್ಲ. ಆದರೆ ಆ ವಿಳಾಸದ ಮೇಲೆ ಎಕ್ಸ್‌ಚೇಂಜ್‌ನವರು ಕಣ್ಣಿಡಬಹುದು. ಆಮೇಲೆ ಅವೇ ದಾಖಲೆಗಳೊಂದಿಗೆ ಸೈಬರ್ ಪೊಲೀಸರಿಗೆ ದೂರು.

ಯೂಟ್ಯೂಬ್‌ನಲ್ಲಿ ರಿಪೋರ್ಟ್ ಒತ್ತಿ, ಸ್ಪ್ಯಾಮ್ ಅಥವಾ ದಾರಿ ತಪ್ಪಿಸುವಂಥದ್ದು ಎಂಬ ಕಾರಣ ಆರಿಸಬೇಕು. ವಿಡಿಯೊ ಒಂದನ್ನೇ ಅಲ್ಲ, ಚಾನೆಲನ್ನೂ. ಲೈವ್ ಇದ್ದಕ್ಕಿದ್ದಂತೆ ಮಾಯವಾಗುತ್ತದೆ, ಹಾಗಾಗಿ ಲಿಂಕ್ ಮತ್ತು ಚಾನೆಲ್ ವಿಳಾಸ ಮೊದಲೇ ನಕಲು ಮಾಡಿಡಬೇಕು. ಹೆಸರು ಬದಲಾದರೂ `UC` ಎಂದು ಶುರುವಾಗುವ ಚಾನೆಲ್ ಐಡಿ ಬದಲಾಗುವುದಿಲ್ಲ. ಕ್ಯೂಆರ್ ಕೋಡ್ ಕರೆದೊಯ್ದ ವೆಬ್‌ಸೈಟನ್ನು, ಮೋಸದ ತಾಣಗಳ ಬಗ್ಗೆ ಎಚ್ಚರಿಸುವ ಗೂಗಲ್ ಸೇಫ್ ಬ್ರೌಸಿಂಗ್‌ಗೂ ತಿಳಿಸಬೇಕು. ಚಾನೆಲ್ ಹೋದರೂ ಆ ಸೈಟ್ ಮುಂದಿನ ಲೈವ್‌ಗೆ ಉಳಿದಿರುತ್ತದೆ ಅಲ್ವಾ.

ಮುಂದಿನ ಭೇಟಿಗೆ ದಂಪತಿ ಇಬ್ಬರೂ ಬಂದರು. ದುಡ್ಡು ಬಂದಿರಲಿಲ್ಲ. ಶುಲ್ಕ ಕೇಳಿದವನ ಮೆಸೇಜ್‌ಗಳನ್ನೂ ಪೊಲೀಸ್ ದೂರಿಗೆ ಲಗತ್ತಿಸಿದ್ದರು.