ಪರ್ಫೆಕ್ಟಿವ್ ಅಂದರೆ ಭೂತಕಾಲ ಅಲ್ಲ, ಯಾಕೆ?

ಪ್ರಶ್ನೆ: ಮೈಸೂರಿನಲ್ಲಿ ರಷ್ಯನ್ ಕಲಿಯುತ್ತಿದ್ದೇನೆ. ಪರ್ಫೆಕ್ಟಿವ್ ಅಂದ್ರೆ ಮುಗಿದ ಕೆಲಸ, ಇಂಪರ್ಫೆಕ್ಟಿವ್ ಅಂದ್ರೆ ಮುಗಿಯದ ಕೆಲಸ ಅಂತ ನೋಟ್ಸ್‌ನಲ್ಲಿ ಬರೆದುಕೊಂಡಿದ್ದೇನೆ. ಮುಗಿದಿದ್ದು ಅಂದ್ಮೇಲೆ ಅದು ಭೂತಕಾಲ ತಾನೇ? ಮತ್ತೆ ಪರ್ಫೆಕ್ಟಿವ್‌ಗೆ ಭವಿಷ್ಯತ್ ಕಾಲ ಎಲ್ಲಿಂದ ಬಂತು? ಕನ್ನಡದಲ್ಲೂ ಇಂಥದ್ದು ಇದೆಯಾ?

ಮೊದಲು ಆ ನೋಟ್ಸ್‌ನಲ್ಲಿ "ಮುಗಿದ" ಅನ್ನುವ ಪದ ಹೊಡೆದುಹಾಕಿ, "ಇಡಿಯಾಗಿ ನೋಡಿದ" ಅಂತ ಬರೆದುಕೊಳ್ಳಿ. ಎಡವಟ್ಟಾಗಿರುವುದೇ ಅಲ್ಲಿ.

ಕೆಲಸ ಯಾವಾಗ ನಡೆಯಿತು, ಮಾತಾಡುವ ಈ ಹೊತ್ತಿಗಿಂತ ಹಿಂದೆಯೋ ಮುಂದೆಯೋ, ಅನ್ನುವುದನ್ನು ಹೇಳುವುದು ಕಾಲ. ಅದೇ ಕೆಲಸವನ್ನು ಹೊರಗೆ ನಿಂತು ಮೊದಲಿಂದ ಕೊನೆಯವರೆಗೆ ಒಂದೇ ಗಂಟಾಗಿ ನೋಡುತ್ತಿದ್ದೇವೋ, ಒಳಗೆ ನಿಂತು ನಡೆಯುತ್ತಿರುವ ಹಾಗೆ ನೋಡುತ್ತಿದ್ದೇವೋ ಅನ್ನುವುದನ್ನು ಹೇಳುವುದು ಆಸ್ಪೆಕ್ಟ್. ಹೊರಗಿನ ನೋಟ ಪರ್ಫೆಕ್ಟಿವ್, ಒಳಗಿನ ನೋಟ ಇಂಪರ್ಫೆಕ್ಟಿವ್. ರಷ್ಯನ್ ವ್ಯಾಕರಣ ಇದಕ್ಕೆ ಇಟ್ಟಿರುವ ಹೆಸರು "ವಿದ್". ನೋಟ, ಕಾಣುವ ಬಗೆ ಅಂತಲೇ ಅದರ ಅರ್ಥ. ಆಸ್ಪೆಕ್ಟ್ ಅನ್ನುವುದು ಆ ಪದದ ಅನುವಾದವಾಗಿ ಬಂದದ್ದು.

ಮಂಡ್ಯದ ಕಡೆಯ ಒಂದು ಆಲೆಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಲೆ ಮೇಲೆ ಕೊಪ್ಪರಿಗೆ, ಅದರಲ್ಲಿ ಕುದಿಯುವ ಕಬ್ಬಿನ ಹಾಲು. ಈಗ ಎರಡು ವಾಕ್ಯ:

ನಿನ್ನೆ ಸಂಜೆ ಸಿದ್ದ ಬೆಲ್ಲ ಮಾಡಿದ.
ನಿನ್ನೆ ಸಂಜೆ ಸಿದ್ದ ಬೆಲ್ಲ ಮಾಡ್ತಿದ್ದ.

ಎರಡೂ ನಿನ್ನೆಯದೇ, ಎರಡೂ ಭೂತಕಾಲವೇ. ಎರಡಕ್ಕೂ ಒಂದೇ ಬಾಲ ಸೇರಿಸಿ ನೋಡಿ: "ಅಷ್ಟರಲ್ಲಿ ಕೊಪ್ಪರಿಗೆ ತೂತಾಗಿ ಪಾಕವೆಲ್ಲ ಒಲೆಗೆ ಹೋಯ್ತು." "ಮಾಡ್ತಿದ್ದ, ಅಷ್ಟರಲ್ಲಿ..." ಅನ್ನುವುದು ಸಲೀಸಾಗಿ ಕೂಡುತ್ತದೆ. ಒಂದು ಅಚ್ಚು ಬೆಲ್ಲವೂ ಇಳಿಯದಿದ್ದರೂ "ಮಾಡ್ತಿದ್ದ" ಅನ್ನುವ ಮಾತು ಸುಳ್ಳಾಗುವುದಿಲ್ಲ. "ಬೆಲ್ಲ ಮಾಡಿದ, ಅಷ್ಟರಲ್ಲಿ ಪಾಕವೆಲ್ಲ ಒಲೆಗೆ ಹೋಯ್ತು" ಅಂದರೆ ಕೇಳುವವರು ತಡೆದು ನಿಲ್ಲಿಸುತ್ತಾರೆ. ಒಂದೇ ಗಂಟಾಗಿ ಕಟ್ಟಿಟ್ಟ ಕೆಲಸದ ಒಳಗೆ "ಅಷ್ಟರಲ್ಲಿ" ನುಗ್ಗುವುದಕ್ಕೆ ಜಾಗವೇ ಇಲ್ಲ. ಕಾಲವನ್ನು ಅಲ್ಲಾಡಿಸದೆ ಆಸ್ಪೆಕ್ಟ್ ಒಂದನ್ನೇ ಬದಲಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

ಈ ಪರೀಕ್ಷೆ ಮಾಡುವಾಗ ಏಕವಚನವನ್ನೇ ಬಳಸಿ. ನಮ್ಮ ಕಡೆಯ ಆಡುಮಾತಿನಲ್ಲಿ "ಮಾಡಿದರು", "ಮಾಡಿದ್ದರು" ಎರಡೂ "ಮಾಡಿದ್ರು" ಆಗಿಬಿಡುತ್ತವೆ. ಬಹುವಚನ ಇಟ್ಟುಕೊಂಡು ಹೊರಟರೆ ಯಾವುದನ್ನು ಪರೀಕ್ಷಿಸುತ್ತಿದ್ದೀರಿ ಅನ್ನುವುದೇ ತಿಳಿಯುವುದಿಲ್ಲ. "ಮಾಡಿದ", "ಮಾಡಿದ್ದ" ಅಂದಾಗ ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ.

ಈಗ ಅದನ್ನೇ ನಾಳೆಗೆ ಒಯ್ಯೋಣ. "ನಾಳೆ ನೀವು ಬರೋ ಹೊತ್ತಿಗೆ ಸಿದ್ದ ಬೆಲ್ಲ ಮಾಡ್ತಿರ್ತಾನೆ": ಒಳಗಿನ ನೋಟ. "ನಾಳೆ ಸಂಜೆಯೊಳಗೆ ಸಿದ್ದ ಬೆಲ್ಲ ಮಾಡಿಬಿಡ್ತಾನೆ": ಹೊರಗಿನ ನೋಟ. ಕೆಲಸ ಇನ್ನೂ ಶುರುವೇ ಆಗಿಲ್ಲ, ಆದರೂ ಅದನ್ನು ಇಡಿಯಾಗಿ ಕಟ್ಟಿ ಮುಂದಿಡಬಹುದು. ಪರ್ಫೆಕ್ಟಿವ್‌ಗೆ ಭವಿಷ್ಯತ್ ಎಲ್ಲಿಂದ ಬಂತು ಅಂದಿರಲ್ಲ, ಬಂದದ್ದು ಇಲ್ಲಿಂದಲೇ. ನೀವು ದಿನವೂ ಹೀಗೇ ಮಾತಾಡುತ್ತೀರಿ.

ಇದಕ್ಕಿಂತ ಚೊಕ್ಕವಾದ ಉದಾಹರಣೆ ಮೈಸೂರು–ಮಂಡ್ಯ ಬಸ್ಸಿನಲ್ಲೇ ಸಿಗುತ್ತದೆ. "ಶ್ರೀರಂಗಪಟ್ಟಣ ದಾಟುವಾಗ ಫೋನ್ ಮಾಡು", "ಶ್ರೀರಂಗಪಟ್ಟಣ ದಾಟಿದ ಮೇಲೆ ಫೋನ್ ಮಾಡು". ಎರಡೂ ಇನ್ನು ಮುಂದೆ ನಡೆಯಬೇಕಾದದ್ದು, ಆದರೂ ಒಂದರಲ್ಲಿ "ದಾಟಿದ" ಅಂತ ಭೂತಕಾಲದ ರೂಪ ಕೂತಿದೆ. ತಿರುಗಿಸಿ ನಿನ್ನೆಗೆ ಒಯ್ಯಿರಿ: "ನಿನ್ನೆ ದಾಟುವಾಗ ಫೋನ್ ಮಾಡಿದೆ". ಇಲ್ಲಿ ಎಲ್ಲವೂ ಆಗಿಹೋದದ್ದು, "ದಾಟುವ" ಮಾತ್ರ ಭೂತರೂಪವಲ್ಲ. ಅಂದರೆ ಈ ಎರಡು ರೂಪಗಳು ನಿನ್ನೆ, ನಾಳೆಯ ಲೆಕ್ಕ ಹೇಳುತ್ತಲೇ ಇಲ್ಲ. ಊರು ದಾಟುವ ಕೆಲಸದ ಒಳಗಿದ್ದೀರೋ, ಅದರಿಂದಾಚೆ ಬಂದಿದ್ದೀರೋ, ಅಷ್ಟನ್ನೇ ಹೇಳುತ್ತವೆ. ಇವನ್ನು "ಸಾಪೇಕ್ಷ ಕಾಲ" ಅಂತ ಲೆಕ್ಕ ಹಾಕುವ ಭಾಷಾವಿಜ್ಞಾನಿಗಳೂ ಇದ್ದಾರೆ. ಆ ವಾದಕ್ಕೂ ಬಲವಿದೆ, ಯಾಕೆಂದರೆ ಇವು ಫೋನ್ ಮಾಡುವ ಹೊತ್ತಿಗೆ ಹೋಲಿಸಿ ಹಿಂದುಮುಂದನ್ನೂ ತೋರಿಸುತ್ತವೆ. ಏನೇ ಹೆಸರಿಟ್ಟರೂ "ದಾಟಿದ" ಅಂದಮಾತ್ರಕ್ಕೆ ಅದು ಕಳೆದುಹೋದ ಕಾಲವಲ್ಲ ಅನ್ನುವುದು ಖಂಡಿತ. ತಿರುವಿನಲ್ಲಿ ಬಸ್ಸು ಕಂಡ ಕೂಡಲೇ, ಅದಿನ್ನೂ ಸ್ಟಾಪಿಗೆ ಬರುವ ಮೊದಲೇ, "ಬಸ್ ಬಂತು" ಅನ್ನುವುದಿಲ್ಲವೇ? ಒಳಗಿಂದ ಕರೆದರೆ ಕೂತಲ್ಲಿಂದಲೇ "ಬಂದೆ" ಅನ್ನುವುದಿಲ್ಲವೇ?

ಹಾಗಾದರೆ ಎಲ್ಲರೂ ಕಾಲ, ಆಸ್ಪೆಕ್ಟ್ ಎರಡನ್ನೂ ಕಲೆಸುವುದೇಕೆ? ದೊಡ್ಡ ಕಾರಣ "ಈಗ" ಅನ್ನುವುದು ಬಹಳ ಇಕ್ಕಟ್ಟಾದ ಜಾಗ ಎಂಬುದು. ಮಾತಾಡುವ ಒಂದು ಕ್ಷಣದೊಳಗೆ ಒಂದು ಪುಸ್ತಕ ಓದುವುದು, ಒಂದು ಕೊಪ್ಪರಿಗೆ ಬೆಲ್ಲ ಇಳಿಸುವುದು ಇಡಿಯಾಗಿ ಹಿಡಿಸುವುದಿಲ್ಲ. ಹಾಗಾಗಿ ವರ್ತಮಾನ ಅಂದರೆ ಸಾಮಾನ್ಯವಾಗಿ ಒಳಗಿನ ನೋಟವೇ. ಹೊರಗಿನ ನೋಟಕ್ಕೆ ಸಲೀಸಾಗಿ ಸಿಗುವುದು ಕಳೆದದ್ದು. ಅಲ್ಲಿ ಕೆಲಸದ ಎರಡೂ ತುದಿ ಕಾಣುತ್ತವೆ. ಇವೆರಡೂ ಪದೇಪದೇ ಜೊತೆಯಾಗಿ ಬರುವುದನ್ನು ನೋಡಿ, ಎರಡೂ ಒಂದೇ ಅಂದುಕೊಳ್ಳುತ್ತೇವೆ.

ರಷ್ಯನ್ನಿನಲ್ಲಿ ಈ ಇಕ್ಕಟ್ಟು ಬರಿಗಣ್ಣಿಗೇ ಕಾಣುತ್ತದೆ. "ಚಿತಾಯು" ಇಂಪರ್ಫೆಕ್ಟಿವ್: ಓದುತ್ತೇನೆ, ಓದುತ್ತಿದ್ದೇನೆ. ಅದಕ್ಕೆ ಮುಂದೆ "ಪ್ರ" ಸೇರಿಸಿದರೆ ಪರ್ಫೆಕ್ಟಿವ್, "ಪ್ರಚಿತಾಯು". ಕೊನೆಯ ಪ್ರತ್ಯಯ ಎರಡರಲ್ಲೂ ಒಂದೇ, ಆದರೂ ಎರಡನೆಯದಕ್ಕೆ "ಈಗ ಓದುತ್ತಿದ್ದೇನೆ" ಅನ್ನುವ ಅರ್ಥ ಬರುವುದೇ ಇಲ್ಲ. ಇಡೀ ಓದು ಈ ಕ್ಷಣದಲ್ಲಿ ಹಿಡಿಸದೆ ಮುಂದಕ್ಕೆ ಜಾರಿ "ಓದಿಬಿಡುತ್ತೇನೆ" ಆಗುತ್ತದೆ. ನಮ್ಮ "ಓದಿಬಿಡ್ತೀನಿ" ನೋಡಿ, ಅದೂ "ಈಗ ಓದುತ್ತಾ ಕೂತಿದ್ದೇನೆ" ಅಂತ ಆಗುವುದಿಲ್ಲ. ಭವಿಷ್ಯತ್ತಿನಲ್ಲಿ ಒಳಗಿನ ನೋಟ ಬೇಕಾದರೆ ರಷ್ಯನ್ನಿನಲ್ಲಿ ಬೇರೆಯದೇ ರಚನೆ, "ಬೂದು ಚಿತಾತ್": ಓದುತ್ತಿರುತ್ತೇನೆ.

ಇನ್ನೊಂದು ಕಾರಣ ಶಾಲೆಯದು. ಇಂಗ್ಲಿಷಿಗೆ 12 ಟೆನ್ಸ್ ಅಂತ ಪಟ್ಟಿ ಬಾಯಿಪಾಠ ಮಾಡಿರುತ್ತೇವೆ. ಆ ಪಟ್ಟಿಯಲ್ಲಿ ಕಾಲ ಇರುವುದು ಮೂರೇ. ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಅನ್ನುವ ನಾಲ್ಕು ಆಸ್ಪೆಕ್ಟಿನ ಕಡೆಯವು. ಮೂರು ನಾಲ್ಕಲಿ ಹನ್ನೆರಡನ್ನೂ ಟೆನ್ಸ್ ಅಂತ ಕರೆದು ಕಲಿಸಿದ ಮೇಲೆ ಕಲೆಸಿಹೋಗದೆ ಇನ್ನೇನಾಗುತ್ತದೆ?

ಈಗ "ಮುಗಿದ" ಅನ್ನುವುದನ್ನು ಯಾಕೆ ಹೊಡೆಯಬೇಕು ಅನ್ನುವುದಕ್ಕೆ ಬರೋಣ. ನಿಮಗೆ ತರಗತಿಯಲ್ಲಿ ಹೆಚ್ಚು ತೊಂದರೆ ಕೊಡುವುದು ಇದೇ. "ನಿನ್ನೆ ಎರಡು ಗಂಟೆ ಓದಿದೆ" ಅಂದಾಗ ಪುಸ್ತಕ ಮುಗಿದಿಲ್ಲ, ಆದರೆ ಓದಿಗೆ ಎರಡೂ ಕಡೆ ಗೆರೆ ಎಳೆದಾಗಿದೆ. ಇದೂ ಹೊರಗಿನ ನೋಟವೇ. ಇದಕ್ಕೆಂದೇ ರಷ್ಯನ್ನಿನಲ್ಲಿ "ಪಚಿತಾಲ್" ಅನ್ನುವ ಪರ್ಫೆಕ್ಟಿವ್ ಇದೆ, ಒಂದಿಷ್ಟು ಹೊತ್ತು ಓದಿ ಬಿಟ್ಟ ಅಂತ. "ಎರಡು ಗಂಟೆಯಲ್ಲಿ ಓದಿದೆ" ಅಂದರೆ ಮಾತ್ರ ಪುಸ್ತಕ ಮುಗಿದ ಹಾಗೆ, ಅದಕ್ಕೆ "ಪ್ರಚಿತಾಲ್". "ಎರಡು ಗಂಟೆ"ಗೂ "ಎರಡು ಗಂಟೆಯಲ್ಲಿ"ಗೂ ಇರುವ ವ್ಯತ್ಯಾಸ ಕಿವಿಗೆ ಬಿದ್ದರೆ ಪ್ರ, ಪ ಎರಡರ ಗೊಂದಲ ಮುಕ್ಕಾಲು ಪಾಲು ಕಳೆಯುತ್ತದೆ.

ಇದರ ಉಲ್ಟಾ ಇನ್ನೂ ಮುಖ್ಯ: ಪೂರ್ತಿ ಮುಗಿದ ಕೆಲಸಕ್ಕೂ ಇಂಪರ್ಫೆಕ್ಟಿವ್ ಬರುತ್ತದೆ. ಅಂಗಡಿಯಲ್ಲಿ ಒಂದು ಪುಸ್ತಕ ಎತ್ತಿಕೊಂಡು "ಇದನ್ನ ಓದಿದ್ದೀಯಾ?" ಅಂತ ಸ್ನೇಹಿತನನ್ನು ಕೇಳುವಾಗ ರಷ್ಯನ್ನರು ಬಳಸುವುದು ಇಂಪರ್ಫೆಕ್ಟಿವ್ "ಚಿತಾಲ್". ಅಲ್ಲಿ ಬೇಕಿರುವುದು ಅಂಥ ಅನುಭವ ಇದೆಯೋ ಇಲ್ಲವೋ ಅಷ್ಟೇ. ಹೋದ ವಾರ ನೀವೇ ಕೊಟ್ಟ ಪುಸ್ತಕದ ಬಗ್ಗೆ "ಓದಿ ಆಯ್ತಾ?" ಅಂತ ಕೇಳುವಾಗ "ಪ್ರಚಿತಾಲ್". "ಓದಿದ್ದೀಯಾ" ಅನ್ನುವುದು ಪರ್ಫೆಕ್ಟ್, ಅಂದರೆ ಹಿಂದೆ ಆದದ್ದರ ಫಲ ಈಗ ಇದೆ ಅನ್ನುವ ರೂಪ. ಪರ್ಫೆಕ್ಟ್, ಪರ್ಫೆಕ್ಟಿವ್ ಎರಡೂ ಒಂದೇ ಲ್ಯಾಟಿನ್ ಮೂಲದಿಂದ ಬಂದಿರುವುದರಿಂದ ಒಂದೇ ಅನ್ನಿಸುತ್ತವೆ. ಆದರೆ ಇಲ್ಲಿ ಕನ್ನಡದ ಪರ್ಫೆಕ್ಟಿಗೆ ರಷ್ಯನ್ನಿನ ಇಂಪರ್ಫೆಕ್ಟಿವ್ ಹೊಂದಿಕೊಂಡಿದೆ, ಗಮನಿಸಿ. ನಿಮ್ಮ ಅಭ್ಯಾಸದ ಪುಸ್ತಕದಲ್ಲಿ "-ಇದ್ದೇನೆ, -ಇದ್ದೀಯ" ಬಂದಲ್ಲೆಲ್ಲ ಕಣ್ಣುಮುಚ್ಚಿ ಪರ್ಫೆಕ್ಟಿವ್ ಹಾಕುತ್ತಿದ್ದರೆ ತಪ್ಪಾಗುತ್ತಿರುವುದು ಅಲ್ಲೇ.

"ಬಿಡು" ವಿಷಯದಲ್ಲಿ ಒಂದು ಎಚ್ಚರ. ಮೇಲೆ ಅದನ್ನು ಪರ್ಫೆಕ್ಟಿವ್ ಹತ್ತಿರ ಇಟ್ಟು ತೋರಿಸಿದೆ, ಆದರೆ ಎರಡೂ ಸರಿಸಮವಲ್ಲ. ಕನ್ನಡದಲ್ಲಿ "ಓದಿದೆ" ಅಂದರೇ ಇಡಿಯಾಗಿ ನೋಡಿದ ಹಾಗೆ, "ಬಿಡು" ಬೇಕೆಂದರೆ ಉಂಟು, ಇಲ್ಲವೆಂದರೆ ಇಲ್ಲ. ಬಂದಾಗ ಇನ್ನು ಹಿಂದಕ್ಕೆ ತಿರುಗಿಸುವ ಹಾಗಿಲ್ಲ ಅನ್ನುವ ಭಾವವನ್ನೂ, ಒಮ್ಮೊಮ್ಮೆ "ಅಯ್ಯೋ ಹೀಗಾಯ್ತಲ್ಲ" ಅನ್ನುವ ಬೇಸರವನ್ನೂ ತರುತ್ತದೆ: "ಹೇಳಿದ" ಬೇರೆ, "ಹೇಳಿಬಿಟ್ಟ" ಬೇರೆ. ರಷ್ಯನ್ನಿನಲ್ಲಿ ಹಾಗಲ್ಲ, ಕ್ರಿಯಾಪದ ಆರಿಸುವಾಗಲೇ ಎರಡರಲ್ಲಿ ಒಂದನ್ನು ಹಿಡಿಯಬೇಕು.

ಆರಿಸುವಾಗ ನಾನು ಹೇಳುವ ಕ್ರಮ ಹೀಗೆ. ಮೊದಲು ಕಾಲವನ್ನು ಪಕ್ಕಕ್ಕಿಡಿ. ಕನ್ನಡ ವಾಕ್ಯದಲ್ಲಿ "ದಿನಾ" ಅಥವಾ "ಆಗಾಗ" ಇದ್ದರೆ, ಇಲ್ಲವೇ "ಅಷ್ಟರಲ್ಲಿ" ಅಂತ ಮಧ್ಯೆ ತೂರಿಸಬಹುದಾದರೆ, ಇಂಪರ್ಫೆಕ್ಟಿವ್. ದಿನಾ ನಡೆಯುವ ರೂಢಿಯೂ ಒಳಗಿನ ನೋಟಕ್ಕೇ ಸೇರುತ್ತದೆ. ನಮ್ಮ "ಬರ್ತಿದ್ದ"ವೂ ಹಾಗೇ, "ನಾನು ನೋಡಿದಾಗ ಬರ್ತಿದ್ದ", "ಆಗೆಲ್ಲ ದಿನಾ ಬರ್ತಿದ್ದ" ಎರಡಕ್ಕೂ ಒದಗುತ್ತದೆ. ಒಂದು ಸಲದ ಕೆಲಸವಾಗಿ "ಇಷ್ಟು ಹೊತ್ತಿನಲ್ಲಿ" ಅಂತ ಸೇರಿಸಬಹುದಾದರೆ ಪರ್ಫೆಕ್ಟಿವ್. ಆಮೇಲೆ ಕಾಲದ ಪ್ರತ್ಯಯ ಹಾಕಿ. "ಶುರುಮಾಡು", "ನಿಲ್ಲಿಸು", "ಮುಗಿಸು" ಅರ್ಥದ ಕ್ರಿಯಾಪದಗಳ ಜೊತೆಗೆ ಬರುವ ಎರಡನೇ ಕ್ರಿಯಾಪದ ಮಾತ್ರ ಯಾವಾಗಲೂ ಇಂಪರ್ಫೆಕ್ಟಿವ್, "ಓದಿ ಮುಗಿಸಿದ" ಅನ್ನುವಾಗಲೂ ಸಹ. ಶುರು, ಕೊನೆ ಅನ್ನುವುದು ಕೆಲಸದ ಒಂದು ತುದಿಯನ್ನು ಹಿಡಿದು ತೋರಿಸುವ ಮಾತು. ಒಂದೇ ಗಂಟಾಗಿ ಕಟ್ಟಿದ್ದರಲ್ಲಿ ಹಾಗೆ ಹಿಡಿಯಲು ತುದಿ ಉಳಿದಿರುವುದಿಲ್ಲ. ಕನ್ನಡದಲ್ಲೂ "ಓದೋಕೆ ಶುರುಮಾಡಿದ" ಸರಿ, "ಓದಿಬಿಡೋಕೆ ಶುರುಮಾಡಿದ" ಅಂದರೆ ಕಿವಿಗೆ ಹಿಡಿಸುವುದಿಲ್ಲ.