ಉಳಿದ ಚೆಂಡಿನ ಲೆಕ್ಕ

ಮಧೂರು ದೇವಸ್ಥಾನದ ಹತ್ತಿರ ಮಲ್ಲಿಗೆ ಮಾರುತ್ತೇವೆ. ದಿನಕ್ಕೆ ಒಂದು ಚೆಂಡು ಬಿಟ್ಟರೆ ಎಲ್ಲ ಹೋಗುತ್ತದೆ, ಆದರೂ ದುಡ್ಡು ಉಳಿಯುವುದಿಲ್ಲ. ಯಾಕೆ?

ಆ ಒಂದು ಚೆಂಡೇ ಲಾಭ ತಿನ್ನುವುದು. ಶಂಕರಪುರ ಮಲ್ಲಿಗೆಯ ಒಂದು ಅಟ್ಟೆ ಅಂದರೆ ನಾಲ್ಕು ಚೆಂಡು, ಚೆಂಡಿಗೆ 800 ಹೂ. ಅಟ್ಟೆ 800 ರೂಪಾಯಿಗೆ ಸಿಕ್ಕಿತು, ಆಟೋ, ಬಾಳೆಲೆಗೆ 60 ಹೋಯಿತು ಅಂತಿಟ್ಟುಕೊಳ್ಳಿ. ನಾಲ್ಕೂ ಮಾರಿದರೆ ಚೆಂಡಿನ ಅಸಲು 215. ಒಂದು ಉಳಿದರೆ ಮಿಕ್ಕ ಮೂರರ ಮೇಲೆ 287. ನೀವು 260ಕ್ಕೆ ಕೊಟ್ಟರೆ ದಿನಕ್ಕೆ 80 ರೂಪಾಯಿ ನಷ್ಟ.

ಬೆಳಗ್ಗೆ ಮೊಗ್ಗಾಗಿದ್ದದ್ದು ಸಂಜೆಗೆ ಅರಳುತ್ತದೆ, ಮರುದಿನಕ್ಕೆ ಇಡುವಂತಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರಂತೂ ಬೆವರಿ ಎಸಳಿನ ಅಂಚು ಕಂದಾಗುತ್ತದೆ. ಬಾಳೆಲೆಯಲ್ಲಿ ಸುತ್ತಿ, ಮೇಲೆ ಹಿಂಡಿದ ಒದ್ದೆ ಬಟ್ಟೆ ಹಾಕಿ. ಮಧ್ಯಾಹ್ನದ ಪೂಜೆಯ ಹೊತ್ತಿಗೇ ಕೊನೆಯ ಚೆಂಡು ಬಿಡಿಸಿ, ತುಂಡು ಮಾಡಿ, 180 ಬಂದರೂ ಕೊಟ್ಟುಬಿಡಿ.